ಎರಡು ವೃತ್ತ, ಒಂದು ಆಯತ: ಡ್ಯುಯಲ್ ಫಿಶ್‌ಐ ವಿಡಿಯೊ ಪರಿವರ್ತನೆಯಲ್ಲಿ ಲೆನ್ಸ್ ಅಳತೆಯ ಇತಿಹಾಸ

ಬೆನ್ನಿಗೆ ಬೆನ್ನು ಕೊಟ್ಟ ಎರಡು ಲೆನ್ಸ್‌ಗಳಿರುವ 360 ಡಿಗ್ರಿ ಕ್ಯಾಮೆರಾದ ಮೂಲ ಫೈಲನ್ನು ತೆರೆದರೆ ಕಪ್ಪು ಹಿನ್ನೆಲೆಯಲ್ಲಿ ಅಕ್ಕಪಕ್ಕ ಎರಡು ವೃತ್ತಗಳು ಕಾಣುತ್ತವೆ. ಒಂದರಲ್ಲಿ ಮುಂದಿನ ಅರ್ಧ ಜಗತ್ತು, ಇನ್ನೊಂದರಲ್ಲಿ ಹಿಂದಿನ ಅರ್ಧ. ಇವೆರಡನ್ನೂ ಬಿಡಿಸಿ, ಅಗಲ ಎತ್ತರದ ಎರಡರಷ್ಟಿರುವ ಒಂದೇ ಆಯತವಾಗಿ ಹಾಸಿದಾಗ ಸಿಗುವುದು ಈಕ್ವಿರೆಕ್ಟ್ಯಾಂಗ್ಯುಲರ್ ವಿಡಿಯೊ. ಈ ಪರಿವರ್ತನೆಯ ಬೆಳವಣಿಗೆಯನ್ನು ಸಾಮಾನ್ಯವಾಗಿ ಸಾಫ್ಟ್‌ವೇರ್ ಸುಧಾರಿಸುತ್ತಾ ಬಂದ ಕಥೆಯಾಗಿ ಹೇಳಲಾಗುತ್ತದೆ. ಆದರೆ ಅದಕ್ಕೆ ಬೇಕಾದ ಸೂತ್ರಗಳು ಕ್ಯಾಮೆರಾ ಹುಟ್ಟುವ ಎಷ್ಟೋ ಮೊದಲೇ ಸಿದ್ಧವಾಗಿದ್ದವು. ಕೊರತೆಯಿದ್ದದ್ದು ಆಯಾ ಲೆನ್ಸಿನ ನಿಜವಾದ ಅಳತೆಯದು. ಆ ಅಳತೆ ಯಾರ ಬಳಿ, ಯಾವ ರೂಪದಲ್ಲಿ ಇತ್ತು ಎಂಬುದೇ ಈ ಇತಿಹಾಸದ ತಿರುಳು ಎಂಬುದು ನನ್ನ ವಾದ.

ಅಕ್ಷಾಂಶ ರೇಖಾಂಶಗಳನ್ನು ಸಮಾನ ಅಂತರದ ನೇರ ಗೆರೆಗಳಾಗಿ ಎಳೆದು ಭೂಪಟ ಮಾಡುವ ಕ್ರಮವನ್ನು ಕ್ರಿ.ಶ. 100ರ ಸುಮಾರಿನ ಟೈರ್ ನಗರದ ಮರೀನಸ್‌ನದೆಂದು ಟಾಲೆಮಿ ದಾಖಲಿಸಿದ್ದಾನೆ. ಮರೀನಸ್ ರೋಡ್ಸ್ ದ್ವೀಪದ ಅಕ್ಷಾಂಶವನ್ನು ಆಧಾರವಾಗಿ ಹಿಡಿದಿದ್ದ. ಆ ಜಾಗದಲ್ಲಿ ಸಮಭಾಜಕ ವೃತ್ತವನ್ನು ಇಟ್ಟರೆ ಇಂದಿನ ವಿಡಿಯೊದ ಎರಡಕ್ಕೊಂದರ ಆಯತವೇ ಬರುತ್ತದೆ. ಫಿಶ್‌ಐ ಕಡೆಯ ಕಥೆಯೂ ಹಳೆಯದೇ. ನೀರೊಳಗಿನ ಮೀನಿಗೆ ಮೇಲಿನ ಜಗತ್ತು ಹೇಗೆ ಕಾಣುತ್ತದೆಂದು ರಾಬರ್ಟ್ ವುಡ್ 1906ರಲ್ಲಿ ಪ್ರಯೋಗ ಮಾಡಿ ಬರೆದರು. 1924ರಲ್ಲಿ ರಾಬಿನ್ ಹಿಲ್ ಮೋಡಗಳ ಅಧ್ಯಯನಕ್ಕಾಗಿ ಇಡೀ ಆಕಾಶವನ್ನು ಸೆರೆಹಿಡಿಯುವ ಲೆನ್ಸ್ ರೂಪಿಸಿದರು. ಇಂಥ ಲೆನ್ಸಿಗೆ ಸರಳ ಮಾದರಿಯೊಂದಿದೆ: ದೃಶ್ಯದ ಒಂದು ಬಿಂದು ಲೆನ್ಸಿನ ನೇರದಿಂದ ಎಷ್ಟು ಕೋನ ದೂರದಲ್ಲಿದೆಯೋ, ಚಿತ್ರದಲ್ಲಿ ಕೇಂದ್ರದಿಂದ ಅದೇ ಪ್ರಮಾಣದ ದೂರದಲ್ಲಿ ಬೀಳುತ್ತದೆ. ಪರಿವರ್ತನೆಯ ಗಣಿತಕ್ಕೆ ಈ ಎರಡು ತಿಳಿವಳಿಕೆ ಸಾಕು.

2016ರಲ್ಲಿ ಬಂದ ಸ್ಯಾಮ್ಸಂಗ್ ಗೇರ್ 360 ಕ್ಯಾಮೆರಾವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ವಿಡಿಯೊ 3840 x 1920 ಪಿಕ್ಸೆಲ್. ಪ್ರತಿ ಲೆನ್ಸಿನ ನೋಟ 195 ಡಿಗ್ರಿ. ಪ್ರತಿ ವೃತ್ತವೂ ತನ್ನ ಅರ್ಧ ಚೌಕಟ್ಟನ್ನು ಪೂರ್ತಿ ತುಂಬಿದೆ ಎಂದಿಟ್ಟುಕೊಂಡರೆ ತ್ರಿಜ್ಯ 960 ಪಿಕ್ಸೆಲ್, ಅದರಲ್ಲಿ ಅಡಕವಾದ ಕೋನ 97.5 ಡಿಗ್ರಿ. ಲೆಕ್ಕ ಸಾಗುವುದು ಹಿಮ್ಮುಖವಾಗಿ: ಸಿದ್ಧವಾಗಬೇಕಾದ ಆಯತದ ಒಂದೊಂದು ಪಿಕ್ಸೆಲಿಗೂ ಅದರ ಬಣ್ಣ ಯಾವ ವೃತ್ತದ ಯಾವ ಜಾಗದಿಂದ ಬರಬೇಕೆಂದು ಹುಡುಕಲಾಗುತ್ತದೆ. ಎರಡು ಲೆನ್ಸ್‌ಗಳ ನೋಟ ಕೂಡುವ ಬೆಸುಗೆ ಮುಂಬದಿಯ ನೇರದಿಂದ 90 ಡಿಗ್ರಿಯಲ್ಲಿದೆ. 90ನ್ನು 97.5ರಿಂದ ಭಾಗಿಸಿ 960ರಿಂದ ಗುಣಿಸಿದರೆ ಸುಮಾರು 886. ಅಂದರೆ ಬೆಸುಗೆಯ ಬಣ್ಣವನ್ನು ಕೇಂದ್ರದಿಂದ 886 ಪಿಕ್ಸೆಲ್ ದೂರದಲ್ಲಿ ಹೆಕ್ಕಬೇಕು. ಈಗ ಕೋನವನ್ನು ತಪ್ಪಾಗಿ 190 ಎಂದು ಕೊಟ್ಟರೆ ಅದೇ ಲೆಕ್ಕ 909 ಎನ್ನುತ್ತದೆ. ಆ ಜಾಗದಲ್ಲಿ ನಿಜವಾಗಿ ಇರುವುದು 92.3 ಡಿಗ್ರಿಯ ದೃಶ್ಯ. ಎರಡೂ ಲೆನ್ಸ್‌ಗಳು ಹೀಗೆ ಗಡಿ ದಾಟುವುದರಿಂದ ಬೆಸುಗೆಯ ಎರಡೂ ಕಡೆ ಒಂದೇ ವಸ್ತು ಎರಡು ಸಲ ಕಾಣುತ್ತದೆ. 200 ಎಂದು ಕೊಟ್ಟರೆ ಇದರ ತದ್ವಿರುದ್ಧ: ನಾಲ್ಕೂವರೆ ಡಿಗ್ರಿಯಷ್ಟು ಜಗತ್ತು ಬೆಸುಗೆಯಲ್ಲಿ ನುಂಗಿಹೋಗುತ್ತದೆ. ಸೂತ್ರ ಎರಡು ಸಂದರ್ಭದಲ್ಲೂ ಸರಿಯಾಗಿಯೇ ಇದೆ, ಕೆಟ್ಟದ್ದು ಅಳತೆ.

ಈ ಅಳತೆ ಆರಂಭದಲ್ಲಿ ತಯಾರಕರ ಕೈಯಲ್ಲೇ ಇತ್ತು. 2013ರ ರಿಕೋ ಥೀಟಾ ಸ್ಥಿರಚಿತ್ರಗಳನ್ನು ತಾನೇ ಬೆಸೆದು ಕೊಡುತ್ತಿತ್ತು; 2014ರಲ್ಲಿ ವಿಡಿಯೊ ಸೇರಿದಾಗ ವೃತ್ತಗಳು ಹಾಗೆಯೇ ಹೊರಬಂದವು, ಬೆಸೆಯುವ ಕೆಲಸ ರಿಕೋದ ಕಂಪ್ಯೂಟರ್ ತಂತ್ರಾಂಶಕ್ಕೆ ಉಳಿಯಿತು. ಗೇರ್ 360ಕ್ಕೆ ಸ್ಯಾಮ್ಸಂಗ್‌ನದೇ ಫೋನು ಅಥವಾ ಆ್ಯಕ್ಷನ್‌ಡೈರೆಕ್ಟರ್ ತಂತ್ರಾಂಶ ಬೇಕಿತ್ತು. ಅದೇ 2016ರಲ್ಲಿ ಎಫ್‌ಎಫ್‌ಎಂಪೆಗ್‌ಗೆ `remap` ಫಿಲ್ಟರ್ ಸೇರಿದ್ದನ್ನು ನಾನು ಈ ಇತಿಹಾಸದ ನಿಜವಾದ ತಿರುವು ಎಂದು ಎಣಿಸುತ್ತೇನೆ. ಅದಕ್ಕೆ ಲೆನ್ಸಿನ ಬಗ್ಗೆ ಏನೂ ಗೊತ್ತಿಲ್ಲ. ವಿಡಿಯೊದ ಜೊತೆ ಎರಡು ನಕ್ಷೆಗಳನ್ನು ಕೊಡಬೇಕು. ಪ್ರತಿ ಪಿಕ್ಸೆಲನ್ನು ಯಾವ ಅಡ್ಡಸ್ಥಾನದಿಂದ ತರಬೇಕೆಂದು ಒಂದು, ಯಾವ ಲಂಬಸ್ಥಾನದಿಂದ ಎಂದು ಇನ್ನೊಂದು.

```
ffmpeg -i in.mp4 -i xmap.pgm -i ymap.pgm -lavfi remap out.mp4
```

ಹೀಗೆ ಅಳತೆಯು ತಂತ್ರಾಂಶದ ಒಡಲಿನಿಂದ ಕಳಚಿಕೊಂಡು ಸ್ವತಂತ್ರ ಫೈಲಾಯಿತು. ತಮ್ಮ ಕ್ಯಾಮೆರಾವನ್ನು ಒಮ್ಮೆ ಅಳೆದವರು ಆ ನಕ್ಷೆಯನ್ನು ಅದರ ಎಲ್ಲ ವಿಡಿಯೊಗಳಿಗೂ ಬಳಸಬಹುದಾಯಿತು.

ಇದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದೇ. 2019ರಲ್ಲಿ ಬರೆಯಲಾದ `v360` ಫಿಲ್ಟರ್ 2020ರ ಎಫ್‌ಎಫ್‌ಎಂಪೆಗ್ 4.3ರಲ್ಲಿ ಎಲ್ಲರಿಗೂ ದೊರೆಯಿತು. ಅದಕ್ಕೆ ನಕ್ಷೆಯೇ ಬೇಡ, ಒಂದು ಸಾಲು ಸಾಕು.

```
ffmpeg -i in.mp4 -vf "v360=dfisheye:e:ih_fov=195:iv_fov=195" -c:a copy out.mp4
```

ಹಾಗಾದರೆ ಅಳತೆಯ ಪ್ರಶ್ನೆ ಮುಗಿಯಿತಲ್ಲವೇ? ಇಲ್ಲ ಎನ್ನಲು ಕಾರಣ ಆ ಸಾಲಿನಲ್ಲೇ ಇದೆ. ಅದರಲ್ಲಿರುವುದು ಎರಡೂ ಲೆನ್ಸ್‌ಗಳಿಗೆ ಸೇರಿ ಒಂದೇ ಕೋನ. ಎರಡೂ ವೃತ್ತಗಳ ಕೇಂದ್ರ ಕರಾರುವಾಕ್ಕಾಗಿ ನಡುವೆಯೇ ಇದೆ, ಯಾವುದೂ ಓರೆಯಾಗಿಲ್ಲ ಎಂದು ಫಿಲ್ಟರ್ ನಂಬುತ್ತದೆ. ಅತಿವ್ಯಾಪ್ತಿಯಲ್ಲಿ ಸಿಗುವ 15 ಡಿಗ್ರಿಯ ಪಟ್ಟಿಯನ್ನು ಬಳಸಿ ಬಣ್ಣ ಬೆರೆಸುವುದೂ ಇಲ್ಲ. 90 ಡಿಗ್ರಿಯಲ್ಲಿ ಒಂದನ್ನು ಕತ್ತರಿಸಿ ಇನ್ನೊಂದನ್ನು ಅಂಟಿಸುತ್ತದೆ. ಕಾರ್ಖಾನೆಯಲ್ಲಿ ಜೋಡಿಸಿದ ಲೆನ್ಸ್ ಅಷ್ಟು ಶಿಸ್ತಿನಲ್ಲಿ ಕೂರುವುದಿಲ್ಲ, ಅದರ ಗುರುತು ದಿಗಂತದಲ್ಲಿ ಸಿಗುತ್ತದೆ. ಎಡ ಬೆಸುಗೆಯಲ್ಲಿ ದಿಗಂತ ಮೇಲಕ್ಕೂ ಬಲ ಬೆಸುಗೆಯಲ್ಲಿ ಕೆಳಕ್ಕೂ ಮೆಟ್ಟಿಲು ಮೂಡಿದ್ದರೆ ಒಂದು ವೃತ್ತ ತನ್ನ ಕೇಂದ್ರದ ಸುತ್ತ ತಿರುಗಿದೆ; ಒಂದು ಡಿಗ್ರಿಗೆ ಸುಮಾರು 11 ಪಿಕ್ಸೆಲ್ ಮೆಟ್ಟಿಲು. ಎರಡು ಬೆಸುಗೆಗಳಲ್ಲೂ ಮೆಟ್ಟಿಲು ಒಂದೇ ಕಡೆಗಿದ್ದರೆ ವೃತ್ತದ ಕೇಂದ್ರ ಮೇಲೆ ಅಥವಾ ಕೆಳಗೆ ಸರಿದಿದೆ. ಈ ದೋಷಗಳನ್ನು ಮೇಲಿನ ಆಜ್ಞೆ ತಾನಾಗಿ ತಿದ್ದಲಾರದು. ವೃತ್ತಗಳನ್ನು ಬೇರೆಬೇರೆಯಾಗಿ ಕತ್ತರಿಸಿ, ತಿರುಗಿಸಿ, ಮತ್ತೆ ಸೇರಿಸಬೇಕು. ಅಂದರೆ ಅಳತೆಗೇ ಮರಳಬೇಕು. ಟೆಕ್ಸಸ್ ವಿಶ್ವವಿದ್ಯಾಲಯದ ಆರ್ಲಿಂಗ್ಟನ್ ಶಾಖೆಯ ತುವಾನ್ ಹೋ ಮತ್ತು ಸ್ಯಾಮ್ಸಂಗ್ ರಿಸರ್ಚ್ ಅಮೆರಿಕದ ಮಧುಕರ್ ಬುಡಗಾವಿ 2017ರ ಪ್ರಬಂಧದಲ್ಲಿ ಗೇರ್ 360ರ ಮೇಲೆ ಮಾಡಿದ್ದು ಇದನ್ನೇ: ಅಂಚಿನತ್ತ ಬೆಳಕು ಹೇಗೆ ಕುಂದುತ್ತದೆಂದು ಅಳೆದು ಸರಿದೂಗಿಸಿದರು, ಬಿಡಿಸಿದ ಬಳಿಕವೂ ಉಳಿಯುವ ತಪ್ಪು ಹೊಂದಾಣಿಕೆಯನ್ನು ಎರಡು ಹಂತಗಳಲ್ಲಿ ತಿದ್ದಿದರು.

ಎರಡನೆಯ ಆಕ್ಷೇಪ ನನ್ನ ವಾದಕ್ಕೆ ಮಿತಿಯೊಂದನ್ನು ಹಾಕುತ್ತದೆ, ಅದನ್ನು ಒಪ್ಪಲೇಬೇಕು. ಎರಡು ಲೆನ್ಸ್‌ಗಳು ಒಂದೇ ಬಿಂದುವಿನಿಂದ ನೋಡುವುದಿಲ್ಲ. ಅವುಗಳ ನಡುವೆ 3 ಸೆಂ.ಮೀ. ಅಂತರವಿದ್ದರೆ, ಬೆಸುಗೆಯ ದಿಕ್ಕಿನಲ್ಲಿ ಒಂದು ಮೀಟರ್ ದೂರ ನಿಂತ ವ್ಯಕ್ತಿ ಎರಡರಲ್ಲೂ 1.7 ಡಿಗ್ರಿ ವ್ಯತ್ಯಾಸದಲ್ಲಿ ಕಾಣುತ್ತಾನೆ, ಅಂದರೆ ಸುಮಾರು 18 ಪಿಕ್ಸೆಲ್. ಹತ್ತು ಮೀಟರ್ ದೂರದ ಗೋಡೆಗೆ ಅದು 2 ಪಿಕ್ಸೆಲಿಗೂ ಕಡಿಮೆ. ಸ್ಥಿರವಾದ ಯಾವ ನಕ್ಷೆಯೂ ಎರಡು ದೂರಗಳಿಗೆ ಒಟ್ಟಿಗೆ ಹೊಂದುವುದಿಲ್ಲ. ಆದರೆ ಅಳತೆ ನಿಖರವಾಗಿಲ್ಲದಿದ್ದರೆ ಆ 18 ಪಿಕ್ಸೆಲಿನಲ್ಲಿ ದೂರದಿಂದ ಬಂದದ್ದೆಷ್ಟು, ಲೆನ್ಸಿನ ದೋಷವೆಷ್ಟು ಎಂದು ಬಿಡಿಸಲಾಗದು. ಆದ್ದರಿಂದಲೇ ಮೊದಲು ದೂರದ ದೃಶ್ಯವೊಂದರಲ್ಲಿ ಬೆಸುಗೆ ಕೂಡಿಸಿ, ಆಮೇಲೆ ಹತ್ತಿರದ ವಸ್ತುಗಳ ತಪ್ಪನ್ನು ಚೌಕಟ್ಟಿನಿಂದ ಚೌಕಟ್ಟಿಗೆ ಸರಿಪಡಿಸುವ ಕ್ರಮವೇ ಸರಿ.

ನಂತರದ ಕ್ಯಾಮೆರಾಗಳು ಹಿಡಿದ ದಾರಿಯೂ ಇದೇ ವಾದವನ್ನು ಬೆಂಬಲಿಸುತ್ತದೆ. ಇನ್‌ಸ್ಟಾ360 ಫೈಲ್‌ಗಳ ಕೊನೆಯಲ್ಲಿ ದೃಶ್ಯದ ಜೊತೆಗೇ ಲೆನ್ಸ್‌ಗಳ ಸಂಖ್ಯೆ, ಪ್ರತಿಯೊಂದೂ ಕುಳಿತಿರುವ ಭಂಗಿ ಬರೆದಿರುತ್ತದೆ. ಎಕ್ಸಿಫ್‌ಟೂಲ್ ಅದನ್ನು `Parameters` ಎಂಬ ಹೆಸರಿನಲ್ಲಿ ಓದಿ ತೋರಿಸುತ್ತದೆ. ಅಳತೆ ಫೈಲಿನೊಳಗೇ ಬಂದಿದೆ, ಅದನ್ನು ಓದದೆ 195 ಎಂಬ ಒಂದೇ ಸಂಖ್ಯೆ ಕೊಟ್ಟು ಪರಿವರ್ತಿಸುವ ರೂಢಿ ಮಾತ್ರ ಇನ್ನೂ ಹೋಗಿಲ್ಲ. ಮೂಲ ಫೈಲನ್ನು ಅಳಿಸಿ ಆಯತವನ್ನಷ್ಟೇ ಉಳಿಸಿಕೊಂಡರೆ ಬೆಸುಗೆಯ ಆಚೀಚೆ ಎರಡೂ ಲೆನ್ಸ್ ಕಂಡಿದ್ದ ಪಟ್ಟಿಯಲ್ಲಿ ಒಂದರ ಸಾಕ್ಷ್ಯ ಕಳೆದುಹೋಗುತ್ತದೆ. ಮುಂದೆ ಉತ್ತಮ ಅಳತೆ ಕೈಗೆ ಬಂದರೂ ಬೆಸುಗೆಯನ್ನು ಮತ್ತೆ ಹಾಕಲಾಗದು.