ಪ್ಲಗಿನ್ ವಿಳಂಬ ಪರಿಹಾರ

ಗಣಕಯಂತ್ರದ ಧ್ವನಿಮುದ್ರಣ ತಂತ್ರಾಂಶದಲ್ಲಿ ಬೇರೆಬೇರೆ ಟ್ರ್ಯಾಕ್‌ಗಳ ಮೇಲೆ ಹೂಡಿದ ಪ್ಲಗಿನ್‌ಗಳು ತಮ್ಮ ಕಾರ್ಯಕ್ಕೆ ತೆಗೆದುಕೊಳ್ಳುವ ಕಾಲವನ್ನು ಗಣಿಸಿ, ಬೇಗನೆ ಬಂದು ನಿಲ್ಲುವ ಧ್ವನಿಯನ್ನು ಅಷ್ಟೇ ಕಾಲ ತಡೆದಿರಿಸಿ, ಸಕಲವೂ ಏಕಕಾಲದಲ್ಲಿ ಮಿಶ್ರಣದ ಸ್ಥಾನವನ್ನು ಸೇರುವಂತೆ ಮಾಡುವ ವ್ಯವಸ್ಥೆಗೆ ಪ್ಲಗಿನ್ ವಿಳಂಬ ಪರಿಹಾರವೆಂದು ಹೆಸರು. ಪಂಕ್ತಿಯಲ್ಲಿ ಕೊನೆಯ ಎಲೆಗೆ ಅನ್ನ ಬೀಳುವವರೆಗೆ ಮೊದಲನೆಯ ಎಲೆಯವನು ಕೈ ತಡೆದು ಕೂತಿರುವಂತೆ, ಇಲ್ಲಿಯೂ ಎಲ್ಲರಿಗಿಂತ ನಿಧಾನವಾದವನಿಗಾಗಿ ಮಿಕ್ಕವರು ಕಾಯುತ್ತಾರೆ.

ಪ್ಲಗಿನ್ ಏಕೆ ತಡಮಾಡಬೇಕು ಎಂಬುದನ್ನು ಮೊದಲು ತಿಳಿಯಬೇಕು. ಗಣಕದ ವೇಗ ಸಾಲದುದರಿಂದ ಈ ವಿಳಂಬ ಉಂಟಾಗುವುದೆಂದು ಅನೇಕರು ಭಾವಿಸುತ್ತಾರೆ, ಅದು ಸರಿಯಲ್ಲ. ಎಷ್ಟೇ ವೇಗದ ಯಂತ್ರವನ್ನು ತಂದಿಟ್ಟರೂ ಈ ವಿಳಂಬ ಒಂದು ಸ್ಯಾಂಪಲ್‌ನಷ್ಟೂ ಕುಗ್ಗದು, ಏಕೆಂದರೆ ಅದು ಲೆಕ್ಕಾಚಾರದ ಸ್ವರೂಪದಲ್ಲಿಯೇ ಅಂತರ್ಗತವಾಗಿದೆ. ಮುಂದೆ ಬರಲಿರುವ ಶಿಖರವನ್ನು ಮೊದಲೇ ಕಂಡು ಮೆಲ್ಲಗೆ ತಗ್ಗಿಸಬೇಕಾದ ಲಿಮಿಟರ್, ಭವಿಷ್ಯವನ್ನು ನೋಡಲಾರದಾದ್ದರಿಂದ, ಬಂದ ಧ್ವನಿಯನ್ನು ಕೆಲವು ಕ್ಷಣ ತನ್ನಲ್ಲಿ ಹಿಡಿದಿಟ್ಟುಕೊಂಡು, ಬಾಗಿಲಲ್ಲಿ ಈಗ ನಿಂತಿರುವುದನ್ನೇ ಭವಿಷ್ಯವೆಂದು ಬಗೆದು ವರ್ತಿಸುತ್ತದೆ. 5 ಮಿಲಿಸೆಕೆಂಡಿನ ಮುನ್ನೋಟ ಬೇಕಾದರೆ, ಸೆಕೆಂಡಿಗೆ 48,000 ಸ್ಯಾಂಪಲ್‌ಗಳ ದರದಲ್ಲಿ, 240 ಸ್ಯಾಂಪಲ್‌ಗಳನ್ನು ತಡೆದಿಡಬೇಕು. ಲೀನಿಯರ್ ಫೇಸ್ ಈಕ್ವಲೈಜರಿನ ಸಂಗತಿ ಇನ್ನೂ ಗಹನವಾದುದು. ಎಲ್ಲ ಕಂಪನಾಂಕಗಳನ್ನೂ ಸಮಾನವಾಗಿ ತಡಮಾಡುವ ಉದ್ದೇಶದಿಂದ ಅದರ ಶೋಧಕವನ್ನು ಮಧ್ಯಬಿಂದುವಿನ ಎರಡೂ ಕಡೆಗೆ ಸಮಮಿತವಾಗಿ ರಚಿಸಿರುತ್ತಾರೆ. 4,097 ಅಂಶಗಳುಳ್ಳ ಅಂತಹ ಶೋಧಕದಲ್ಲಿ ಮಧ್ಯಬಿಂದುವನ್ನು ತಲುಪಲು 2,048 ಸ್ಯಾಂಪಲ್‌ಗಳು, ಅಂದರೆ ಸುಮಾರು 43 ಮಿಲಿಸೆಕೆಂಡುಗಳು, ಕಳೆಯಲೇಬೇಕು. ಮಂದ್ರಸ್ವರಗಳನ್ನು ಸೂಕ್ಷ್ಮವಾಗಿ ತಿದ್ದಬೇಕೆಂದಷ್ಟೂ ಶೋಧಕ ಉದ್ದವಾಗುತ್ತದೆ, ಕಾಯುವ ಕಾಲವೂ ಬೆಳೆಯುತ್ತದೆ.

ಈ ಕಾಲವನ್ನು ತಂತ್ರಾಂಶ ತಾನಾಗಿ ಅಳೆಯುವುದಿಲ್ಲವೆಂಬುದೇ ಇಡೀ ವಿಷಯದ ಮರ್ಮ. ಪ್ಲಗಿನ್ ಒಂದು ಸಂಖ್ಯೆಯನ್ನು ಹೇಳುತ್ತದೆ, ತಂತ್ರಾಂಶ ಅದನ್ನು ನಂಬುತ್ತದೆ. ವಿಎಸ್‌ಟಿ 3 ಪದ್ಧತಿಯಲ್ಲಿ `getLatencySamples` ಎಂಬ ಕರೆಗೆ ಪ್ಲಗಿನ್ ಸ್ಯಾಂಪಲ್‌ಗಳ ಪೂರ್ಣಾಂಕವೊಂದನ್ನು ಉತ್ತರವಾಗಿ ಕೊಡುತ್ತದೆ. ಆಪಲ್ ಸಂಸ್ಥೆಯ ಆಡಿಯೋ ಯೂನಿಟ್ ಪದ್ಧತಿಯಲ್ಲಿ ಅದೇ ಉತ್ತರ ಸೆಕೆಂಡುಗಳ ರೂಪದಲ್ಲಿ ಬರುತ್ತದೆ. ಹೀಗೆ ಬಂದ ಸಂಖ್ಯೆಗಳನ್ನು ಪ್ರತಿಯೊಂದು ಮಾರ್ಗದ ಉದ್ದಕ್ಕೂ ಕೂಡಿ, ಎರಡು ಮಾರ್ಗಗಳು ಸಂಧಿಸುವ ಪ್ರತಿಯೊಂದು ಸ್ಥಾನದಲ್ಲಿಯೂ ಅತಿದೀರ್ಘವಾದ ಮೊತ್ತವನ್ನು ಗುರುತಿಸಿ, ಉಳಿದ ಮಾರ್ಗಗಳಿಗೆ ಕೊರತೆಯಷ್ಟು ತಡೆಯನ್ನು ಸೇರಿಸಿದರೆ ಪರಿಹಾರ ಮುಗಿಯಿತು. ಗಣಿತ ಕೇವಲ ಕೂಡುವ ಕಳೆಯುವ ಗಣಿತ. ತೊಡಕೆಲ್ಲ ಸಂಖ್ಯೆಯ ಸತ್ಯಾಸತ್ಯದಲ್ಲಿದೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಡ್ರಮ್ ವಾದ್ಯದ ಸ್ನೇರ್‌ಗೆ ಗಟ್ಟಿತನ ಬರಲೆಂದು, ಅದರ ಟ್ರ್ಯಾಕನ್ನು ನೇರವಾಗಿ ಮಾಸ್ಟರ್‌ಗೂ, ಅದರ ಒಂದು ಪ್ರತಿಯನ್ನು ಬಲವಾದ ಕಂಪ್ರೆಸರ್ ಇರುವ ಒಂದು ಬಸ್‌ಗೂ ಕಳುಹಿಸಿ, ಎರಡನ್ನೂ ಕೂಡಿಸುವುದು ಮಿಶ್ರಣಕಾರರ ಸಾಮಾನ್ಯ ರೂಢಿ. ಕಂಪ್ರೆಸರಿನ ಮುನ್ನೋಟ 64 ಸ್ಯಾಂಪಲ್ ಎಂದಿಟ್ಟುಕೊಳ್ಳೋಣ. 48,000ದ ದರದಲ್ಲಿ ಅದು 1.33 ಮಿಲಿಸೆಕೆಂಡು. ಪರಿಹಾರವಿಲ್ಲದಿದ್ದರೆ ಒಂದೇ ಏಟಿನ ಎರಡು ಪ್ರತಿಗಳು ಇಷ್ಟು ಅಂತರದಲ್ಲಿ ಬಂದು ಬೆರೆಯುತ್ತವೆ. ಈ ಅಂತರವನ್ನು ಕಿವಿ ಎರಡು ಏಟುಗಳಾಗಿ ಎಣಿಸಲಾರದು. ಆದರೆ ಯಾವ ಕಂಪನಾಂಕಕ್ಕೆ 1.33 ಮಿಲಿಸೆಕೆಂಡು ಅರ್ಧ ಆವರ್ತನೆಯೋ ಆ ಕಂಪನಾಂಕದಲ್ಲಿ ಒಂದು ಪ್ರತಿ ಏರುವಾಗ ಇನ್ನೊಂದು ಇಳಿದು, ಪರಸ್ಪರ ಅಳಿಸಿಹೋಗುತ್ತವೆ. ಹಾಗೆ ಅಳಿಯುವ ಮೊದಲನೆಯ ಸ್ಥಾನ 375 ಹರ್ಟ್ಸ್. ಮುಂದೆ 1,125, 1,875 ಎಂದು 750 ಹರ್ಟ್ಸ್‌ಗೊಂದರಂತೆ ಕೇಳಿಸುವ ಶ್ರೇಣಿಯ ಕೊನೆಯವರೆಗೂ ಹಳ್ಳಗಳು ಬೀಳುತ್ತವೆ, ನಡುನಡುವೆ 750, 1,500 ಮೊದಲಾದೆಡೆ ದಿಬ್ಬಗಳು ಏಳುತ್ತವೆ. ಎರಡು ಪ್ರತಿಗಳೂ ಸಮಬಲವಾಗಿದ್ದರೆ ಹಳ್ಳ ಪಾತಾಳಕ್ಕಿಳಿಯುತ್ತದೆ, ಬಸ್‌ನ ಮಟ್ಟ ತಗ್ಗಿದಂತೆ ಅದೂ ಆಳ ಕಳೆದುಕೊಳ್ಳುತ್ತದೆ. ಗಟ್ಟಿತನಕ್ಕಾಗಿ ಮಾಡಿದ ಉಪಾಯದಿಂದ ಸ್ನೇರ್ ಟೊಳ್ಳಾಗಿ, ಕೊಳವೆಯೊಳಗಿಂದ ಬಂದಂತೆ ಕೇಳಿಸುತ್ತದೆ. ಮಿಶ್ರಣಕಾರನಾದರೋ ದೋಷವನ್ನು ಕಂಪ್ರೆಸರಿನ ಮೇಲೆ ಹೊರಿಸಿ ಅದರ ಗುಬುಟುಗಳನ್ನು ತಿರುಗಿಸುತ್ತ ಹೊತ್ತು ಕಳೆಯುತ್ತಾನೆ.

ಇದೇ ಹಾಡಿನಲ್ಲಿ ಬೇಸ್ ಗಿಟಾರಿನ ಟ್ರ್ಯಾಕ್ ಮೇಲೆ ಹಿಂದೆ ಹೇಳಿದ ಲೀನಿಯರ್ ಫೇಸ್ ಈಕ್ವಲೈಜರನ್ನು ಹೂಡಿದರೆ ಪರಿಣಾಮ ಬೇರೆಯೇ ಆಗುತ್ತದೆ. ನಿಮಿಷಕ್ಕೆ 120 ತಾಳದ ಗತಿಯಲ್ಲಿ ಒಂದು ತಾಳದ ನಾಲ್ಕನೆಯ ಒಂದಂಶ 125 ಮಿಲಿಸೆಕೆಂಡು. ಬೇಸ್ ಅದರ ಮೂರನೆಯ ಒಂದಂಶದಷ್ಟು ಹಿಂದುಳಿಯುತ್ತದೆ. ಇಲ್ಲಿ ನಾದದ ಬಣ್ಣ ಕೆಡುವುದಿಲ್ಲ, ಏಕೆಂದರೆ ಬೇಸ್‌ನ ಎರಡನೆಯ ಪ್ರತಿ ಎಲ್ಲಿಯೂ ಇಲ್ಲ; ವಾದಕ ಸೋಮಾರಿಯಾದಂತೆ ತೋರುತ್ತದೆ, ಅಷ್ಟೆ. ಒಂದೇ ಮೂಲದ ಎರಡು ಪ್ರತಿಗಳು ಕಾಲಭೇದದಿಂದ ಸಂಧಿಸಿದಲ್ಲಿ ನಾದ ಕಲಸುತ್ತದೆ, ಬೇರೆಬೇರೆ ಮೂಲಗಳು ಸಂಧಿಸಿದಲ್ಲಿ ಲಯ ಜಾರುತ್ತದೆ. ಯಾವ ದೂರು ಕಿವಿಗೆ ಬಿತ್ತೆಂಬುದರಿಂದಲೇ ದೋಷವನ್ನು ಎಲ್ಲಿ ಹುಡುಕಬೇಕೆಂಬುದು ಅರ್ಧ ಗೊತ್ತಾಗುತ್ತದೆ. ಅದೇ ಈಕ್ವಲೈಜರ್ ಮಾಸ್ಟರ್ ಮೇಲೆಯೇ ಕುಳಿತಿದ್ದರೆ ಎರಡು ಕೇಡುಗಳೂ ಇಲ್ಲ: ಹಾಡೆಲ್ಲವೂ ಒಟ್ಟಾಗಿ 43 ಮಿಲಿಸೆಕೆಂಡು ತಡವಾಗಿ ಆರಂಭವಾಗುತ್ತದೆ, ಕೇಳುವವನಿಗೆ ಅದರ ಅರಿವೇ ಆಗದು.

ಪರಿಹಾರ ಜಾರಿಯಲ್ಲಿದ್ದಾಗ ತಂತ್ರಾಂಶ ಮಾಡುವುದೇನೆಂದರೆ, ಬೇಸ್‌ನ 2,048ನ್ನು ಅತಿದೀರ್ಘವೆಂದು ಹಿಡಿದು, ಸ್ನೇರಿನ ನೇರಮಾರ್ಗಕ್ಕೆ 2,048 ಸ್ಯಾಂಪಲ್‌ಗಳನ್ನೂ, ಕಂಪ್ರೆಸರಿನ ಮೂಲಕ ಬರುವ ಮಾರ್ಗಕ್ಕೆ 64 ಕಳೆದು 1,984 ಸ್ಯಾಂಪಲ್‌ಗಳನ್ನೂ ತಡೆಯಾಗಿ ಸೇರಿಸುತ್ತದೆ. ಆದುದರಿಂದ ಪ್ಲಗಿನ್ ವಿಳಂಬವನ್ನು ಸೂಚಿಸುತ್ತದೆಂಬುದು ಸ್ವತಃ ದೋಷವಲ್ಲ. ಸೂಚಿಸಿದ್ದನ್ನು ಲೆಕ್ಕಕ್ಕೆ ಹಿಡಿಯದ ಮಾರ್ಗವೆಲ್ಲಿಯೋ ಉಳಿದಿದ್ದರೆ, ಸೂಚಿಸಿದ ಸಂಖ್ಯೆಯೇ ಸುಳ್ಳಾಗಿದ್ದರೆ, ಅಥವಾ ಕಾಯುವುದೇ ಅಸಾಧ್ಯವಾದ ಸಂದರ್ಭವಿದ್ದರೆ, ಆಗ ದೋಷ ತಲೆದೋರುತ್ತದೆ.

ಲೆಕ್ಕಕ್ಕೆ ಸೇರದ ಮಾರ್ಗಗಳು ಹಿಂದಿನ ಕಾಲದಲ್ಲಿ ಹೇರಳವಾಗಿದ್ದವು. ಪ್ರೊ ಟೂಲ್ಸ್ ತಂತ್ರಾಂಶದ ಎಚ್‌ಡಿ ಯಂತ್ರಗಳಿಗೆ ಸ್ವಯಂಚಾಲಿತ ಪರಿಹಾರ 2004ರಲ್ಲಿ, 6.4ನೆಯ ಆವೃತ್ತಿಯೊಡನೆ ಬಂದಿತು. ವಿಶೇಷ ಯಂತ್ರಾಂಶವಿಲ್ಲದ ಸಾಮಾನ್ಯ ಬಳಕೆದಾರರು ಅದಕ್ಕಾಗಿ 2010ರ 9ನೆಯ ಆವೃತ್ತಿಯವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಅವರು ಟೈಮ್ ಅಡ್ಜಸ್ಟರ್ ಎಂಬ ಪುಟ್ಟ ಪ್ಲಗಿನ್ನನ್ನು ಇತರ ಟ್ರ್ಯಾಕ್‌ಗಳ ಮೇಲೆ ಹೂಡಿ ತಡೆಯ ಸ್ಯಾಂಪಲ್‌ಗಳನ್ನು ಕೈಯಿಂದಲೇ ತುಂಬುತ್ತಿದ್ದರು, ಮತ್ತು ಒಂದು ಪ್ಲಗಿನ್ ಬದಲಾದೊಡನೆ ಲೆಕ್ಕವನ್ನೆಲ್ಲ ಪುನಃ ಮಾಡುತ್ತಿದ್ದರು. ಇಂದಿಗೂ ಕೆಲವು ತಂತ್ರಾಂಶಗಳಲ್ಲಿ ಪರಿಹಾರದ ವ್ಯಾಪ್ತಿಯನ್ನು ಬಳಕೆದಾರನೇ ಆರಿಸಬೇಕಾಗುತ್ತದೆ: ಲಾಜಿಕ್‌ನಲ್ಲಿ ಅದನ್ನು ಟ್ರ್ಯಾಕ್‌ಗಳಿಗೆ ಮಾತ್ರ ಸೀಮಿತಗೊಳಿಸಿದರೆ ಬಸ್‌ಗಳು ಲೆಕ್ಕದಿಂದ ಹೊರಗುಳಿಯುತ್ತವೆ, ನಮ್ಮ ಸ್ನೇರ್ ಮತ್ತೆ ಟೊಳ್ಳಾಗುತ್ತದೆ.

ಸುಳ್ಳು ಸಂಖ್ಯೆ ಇದಕ್ಕಿಂತ ಉಪಾಯಗಾರ. ಬಳಕೆದಾರ ಮುನ್ನೋಟದ ಗುಬುಟನ್ನು ತಿರುಗಿಸಿದಾಗ ಅಥವಾ ಓವರ್‌ಸ್ಯಾಂಪ್ಲಿಂಗ್ ಆನ್ ಮಾಡಿದಾಗ ಪ್ಲಗಿನ್ನಿನ ವಿಳಂಬ ಬದಲಾಗುತ್ತದೆ. ಆಗ ಅದು, ವಿಎಸ್‌ಟಿ 3 ಪದ್ಧತಿಯಲ್ಲಿ, `kLatencyChanged` ಎಂಬ ಸೂಚನೆಯಿಂದ ತಂತ್ರಾಂಶವನ್ನು ಎಚ್ಚರಿಸಬೇಕು. ಎಚ್ಚರಿಸಲು ಮರೆತ ಪ್ಲಗಿನ್ ಹಳೆಯ ಸಂಖ್ಯೆಯನ್ನೇ ನೆಚ್ಚಿಕೊಂಡ ತಂತ್ರಾಂಶವನ್ನು ದಾರಿತಪ್ಪಿಸುತ್ತದೆ. ವಿಳಂಬವನ್ನು ಹೇಳಿ, ವಾಸ್ತವದಲ್ಲಿ ತಡಮಾಡದ ಪ್ಲಗಿನ್ ಇದ್ದರೆ ಆ ಟ್ರ್ಯಾಕ್ ತಡವಾಗುವ ಬದಲು ಮುಂಚಿತವಾಗಿಯೇ ಬಂದುಬಿಡುತ್ತದೆ. ಲಯ ಅವಸರಪಡುತ್ತಿದೆಯೆಂದು ಕೇಳಿಸಿದಾಗ ಇದನ್ನು ಶಂಕಿಸಬೇಕು. ಇನ್ನೊಂದು ಬಗೆಯ ದೋಷ ಪ್ಲಗಿನ್ನಿನ ಹೊಟ್ಟೆಯೊಳಗೇ ಅಡಗಿರುತ್ತದೆ: ಸಂಸ್ಕರಿಸಿದ ಧ್ವನಿಯನ್ನೂ ಮೂಲ ಧ್ವನಿಯನ್ನೂ ಬೆರೆಸುವ ಮಿಕ್ಸ್ ಗುಬುಟು ಇದ್ದು, ಮೂಲವನ್ನು ತಡೆಯದೆ ಬೆರೆಸಿದರೆ, ಹೊರಗಿನ ತಂತ್ರಾಂಶ ಎಷ್ಟೇ ಪ್ರಾಮಾಣಿಕವಾಗಿ ಲೆಕ್ಕ ಮಾಡಿದರೂ ಒಳಗಿನ ಹಳ್ಳಗಳು ತುಂಬಲಾರವು. ಓವರ್‌ಸ್ಯಾಂಪ್ಲಿಂಗ್ ಮಾಡುವ ಶೋಧಕಗಳ ವಿಳಂಬ ಕೆಲವೊಮ್ಮೆ ಪೂರ್ಣಾಂಕವಾಗಿರುವುದೂ ಇಲ್ಲ. ಸಂಖ್ಯೆ ಪೂರ್ಣಾಂಕವೇ ಆಗಬೇಕಾದಲ್ಲಿ ಅರ್ಧ ಸ್ಯಾಂಪಲ್ ಉಳಿದುಹೋಗಿ, ಸಮಾಂತರ ಮಿಶ್ರಣದಲ್ಲಿ 20,000 ಹರ್ಟ್ಸ್ ಬಳಿ ಸುಮಾರು 2 ಡೆಸಿಬಲ್ ಕುಸಿತವಾಗುತ್ತದೆ. ಅದಕ್ಕಾಗಿ ನಿದ್ದೆಗೆಡಬೇಕಾದ ಕಾರಣವಿಲ್ಲ.

ಕಾಯುವುದು ಅಸಾಧ್ಯವಾದ ಸಂದರ್ಭವೆಂದರೆ ಜೀವಂತ ಗಾಯನ. ಮುದ್ರಿತ ಟ್ರ್ಯಾಕ್‌ಗಳೆಲ್ಲವೂ ಡಿಸ್ಕಿನಲ್ಲಿರುವುದರಿಂದ ಅವನ್ನು ಒಟ್ಟಾಗಿ ತಡೆದು ನುಡಿಸಬಹುದು. ಈ ಕ್ಷಣ ಗಾಯಕಿಯ ಕಂಠದಿಂದ ಹೊರಡುತ್ತಿರುವ ಸ್ವರವನ್ನು ಹಿಂದಿನ ಕ್ಷಣಕ್ಕೆ ಒಯ್ಯಲಾಗದು. ಅವಳ ಟ್ರ್ಯಾಕ್ ಮೇಲಾಗಲಿ ಮಾಸ್ಟರ್ ಮೇಲಾಗಲಿ 2,048 ಸ್ಯಾಂಪಲ್‌ಗಳ ಪ್ಲಗಿನ್ ಕುಳಿತಿದ್ದರೆ, ಹೆಡ್‌ಫೋನಿನಲ್ಲಿ ತನ್ನ ಧ್ವನಿ 43 ಮಿಲಿಸೆಕೆಂಡು ತಡವಾಗಿ ಮರಳುವುದನ್ನು ಕೇಳಿ ಅವಳು ತಡವರಿಸುತ್ತಾಳೆ. ಇದಕ್ಕೆ ಸೌಂಡ್ ಕಾರ್ಡಿನ ಬಫರಿನ ವಿಳಂಬವೂ ಕೂಡುತ್ತದೆ, ಅದು ಪ್ಲಗಿನ್ ಲೆಕ್ಕಕ್ಕೆ ಸೇರದ ಬೇರೆ ಖಾತೆ. ಮುದ್ರಣದ ಸಮಯದಲ್ಲಿ ದೀರ್ಘವಿಳಂಬದ ಪ್ಲಗಿನ್‌ಗಳನ್ನು ಸ್ವತಃ ಬದಿಗೆ ಸರಿಸುವ ಲೋ ಲೇಟೆನ್ಸಿ ವಿಧಾನಗಳು ಹುಟ್ಟಿದ್ದು ಇದಕ್ಕಾಗಿಯೇ. ಆದರೂ ಅಂತಹ ಈಕ್ವಲೈಜರುಗಳನ್ನು ಮುದ್ರಣ ಮುಗಿದು ಮಿಶ್ರಣದ ಹಂತಕ್ಕೆ ಬಂದ ಮೇಲೆಯೇ ಹೂಡುವುದು ವಿವೇಕ.

ಪರೀಕ್ಷೆಯ ಕ್ರಮ ಸರಳವಾಗಿದೆ. ಒಂದು ಟ್ರ್ಯಾಕಿನ ಪ್ರತಿಯನ್ನು ಮಾಡಿ, ಪ್ರತಿಯ ಧ್ರುವತೆಯನ್ನು ತಿರುವುಮಾಡಿ, ಎರಡನ್ನೂ ಸಮಮಟ್ಟದಲ್ಲಿ ನುಡಿಸಿದರೆ ಮೌನ ಉಂಟಾಗಬೇಕು. ಈಗ ಪ್ರತಿಯ ಮೇಲೆ ಶಂಕಿತ ಪ್ಲಗಿನ್ನನ್ನು ಹೂಡಿ, ಅದು ಧ್ವನಿಯನ್ನು ಏನೂ ಬದಲಿಸದ ಸ್ಥಿತಿಯಲ್ಲಿಡಬೇಕು: ಈಕ್ವಲೈಜರ್ ಸಮತಟ್ಟಾಗಿರಲಿ, ಕಂಪ್ರೆಸರಿನ ತ್ರೆಶೋಲ್ಡ್ ಧ್ವನಿ ಮುಟ್ಟದಷ್ಟು ಎತ್ತರದಲ್ಲಿರಲಿ. ಮೌನ ಮುಂದುವರಿದರೆ ಸಂಖ್ಯೆ ಸತ್ಯ, ಪರಿಹಾರ ಸರಿ. ತೆಳುವಾದ, ಮಂದ್ರವಿಲ್ಲದ ಧ್ವನಿ ಉಳಿದರೆ ಕಾಲಭೇದವಿದೆಯೆಂದೇ ಬಲವಾಗಿ ಶಂಕಿಸಬೇಕು, ಏಕೆಂದರೆ ಅಲ್ಪಕಾಲದ ಅಂತರದಲ್ಲಿ ಮಂದ್ರಸ್ವರಗಳು ಪರಸ್ಪರ ಅಳಿದು ತಾರಸ್ವರಗಳು ಮಾತ್ರ ಉಳಿಯುತ್ತವೆ. ಅಂತರವೆಷ್ಟೆಂದು ತಿಳಿಯಬೇಕಾದರೆ ಒಂದೇ ಸ್ಯಾಂಪಲ್‌ನ ಕ್ಲಿಕ್ಕನ್ನು ಎರಡು ಮಾರ್ಗಗಳಲ್ಲೂ ಹಾಯಿಸಿ, ಬೇರೆಬೇರೆಯಾಗಿ ಕಡತಗಳನ್ನು ತೆಗೆದು, ಎರಡು ಶಿಖರಗಳ ನಡುವಣ ಸ್ಯಾಂಪಲ್‌ಗಳನ್ನು ಎಣಿಸಬೇಕು.

ಈ ಪರೀಕ್ಷೆ ಒಂದು ಸಂಗತಿಯನ್ನು ಬಗೆಹರಿಸಲಾರದು. ಈಕ್ವಲೈಜರಿನ ಗುಬುಟನ್ನು ತಿರುಗಿಸಿದ ಮೇಲೆ ಮೌನ ಕೆಟ್ಟರೆ ಅದು ವಿಳಂಬದ ಅಪರಾಧವಾಗಬೇಕಿಲ್ಲ: ಸಾಮಾನ್ಯ ಈಕ್ವಲೈಜರ್ ಬೇರೆಬೇರೆ ಕಂಪನಾಂಕಗಳನ್ನು ಬೇರೆಬೇರೆ ಪ್ರಮಾಣದಲ್ಲಿ ತಡಮಾಡುತ್ತದೆ, ಲೀನಿಯರ್ ಫೇಸ್ ಈಕ್ವಲೈಜರಾದರೋ ಏಟು ಬೀಳುವ ಮೊದಲೇ ಅದರ ಕ್ಷೀಣವಾದ ಮುನ್ನುಡಿಯನ್ನು ಹೊರಸೂಸುತ್ತದೆ. ಡ್ರಮ್ಮಿನ ಏಟಿನ ಮೊನೆ ಮಸುಕಾಯಿತೆಂಬ ದೂರು ಹಲವು ವೇಳೆ ಈ ಮುನ್ನುಡಿಯಿಂದಲೇ ಹುಟ್ಟಿರುತ್ತದೆ. ಅಂತಹ ಮಸುಕಿಗೆ ಒಂದೇ ಸಂಖ್ಯೆಯಿಂದ ಪರಿಹಾರ ಕೊಡಲಾಗದು, ಪ್ಲಗಿನ್ನನ್ನು ಮಿನಿಮಮ್ ಫೇಸ್ ಸ್ಥಿತಿಗೆ ಬದಲಿಸಬೇಕು.