ಸಂಬೋಧನೆ (ಭಾಷಣದಲ್ಲಿ)

ಒಂದೇ ಭಾಷಣದಲ್ಲಿ ಹಿರಿಯರು, ಅಧಿಕಾರಿಗಳು, ಮಕ್ಕಳನ್ನು ಅವರವರಿಗೆ ತಕ್ಕಂತೆ ಕರೆಯುವ ಕ್ರಮ. ಬೆಂಗಳೂರಿನ ವಿಲ್ಸನ್ ಗಾರ್ಡನ್‌ನಂಥ ಬಡಾವಣೆಯ ನವೆಂಬರ್ 1ರ ರಾಜ್ಯೋತ್ಸವ ವೇದಿಕೆಯಲ್ಲಿ ಮಾತು ಸಾಮಾನ್ಯವಾಗಿ ‘ಮಾನ್ಯ ಶಾಸಕರೇ, ಹಿರಿಯರೇ, ಮುದ್ದು ಮಕ್ಕಳೇ’ ಎಂದು ಶುರುವಾಗುತ್ತದೆ. ಅಧಿಕಾರಿ ಒಬ್ಬರೇ ಇದ್ದರೂ ಪದ, ಕ್ರಿಯಾಪದ ಎರಡೂ ಬಹುವಚನ: ‘ಆಯುಕ್ತರು ಬಂದಿದ್ದಾರೆ’. ತೊಡಕಿರುವುದು ‘ನೀವು’ ಎಂಬಲ್ಲಿ. ಅದು ಒಬ್ಬ ಹಿರಿಯರಿಗೂ ಸಲ್ಲುತ್ತದೆ, ಮಕ್ಕಳ ಗುಂಪಿಗೂ ಸಲ್ಲುತ್ತದೆ. ಹಾಗಾಗಿ ನುರಿತ ಭಾಷಣಕಾರರು ಅತಿಥಿಗೆ ‘ತಾವು’ ಎಂದು, ಮಕ್ಕಳಿಗೆ ‘ನೀವು’ ಎಂದು ಹೇಳಿ, ಬಹುಮಾನ ಪಡೆದ ಹುಡುಗಿಯತ್ತ ತಿರುಗಿ ‘ನೀನು ಚೆನ್ನಾಗಿ ಹಾಡಿದೆ, ಪುಟ್ಟಿ’ ಎನ್ನುತ್ತಾರೆ. ಹಲವರು ಎಡವುವುದು ‘ತಾವು’ ಎಂದು ಶುರುಮಾಡಿ ಅದೇ ವಾಕ್ಯದಲ್ಲಿ ‘ನಿಮ್ಮ’ ಎಂಬುದಕ್ಕೆ ಜಾರಿದಾಗ. ಅಲ್ಲಿ ‘ತಮ್ಮ’ ಬರಬೇಕು. ಇನ್ನು ಮಾನ್ಯ, ಸನ್ಮಾನ್ಯ, ಗೌರವಾನ್ವಿತ ಮೂರನ್ನೂ ಒಂದೇ ಹೆಸರಿಗೆ ಪೇರಿಸುವುದು ಬರೀ ಆಡಂಬರ.