ಹಿಂದೆ ಬಿದ್ದವರಿಗೆ ಕ್ಯಾರೆಟ್

ಹೋದ ದೀಪಾವಳಿ ರಜೆಗೆ ಊರಿಗೆ ಹೋಗಿದ್ದಾಗ ಚೌಕಾಬಾರದ ಮಣೆ ಮುಂದೆ ಒಂದು ಸಣ್ಣ ಯುದ್ಧವೇ ಆಯ್ತು. ಅಕ್ಕನ ಮಗನ ಕಾಯಿ ಒಳಸುತ್ತಿಗೆ ಹೋಗೋಕೆ ಎರಡೇ ಮನೆ ಬಾಕಿ ಇದ್ದಾಗ ನಮ್ಮಮ್ಮ ಹೊಡೆದು ಹಾಕಿದ್ರು. ಅವನು ಕವಡೆ ಎಸೆದು ಎದ್ದು ಹೋದ. ಎಲ್ಲರಿಗಿಂತ ಹಿಂದಿದ್ದ ಅವನ ತಂಗಿ ಅಷ್ಟೊತ್ತಿಗಾಗಲೇ ಟಿವಿ ಮುಂದೆ ಕೂತಿದ್ದಳು. ಮುಂದಿದ್ದವನಿಗೆ ಅನ್ಯಾಯ ಆಯ್ತು ಅಂತ ಸಿಟ್ಟು, ಹಿಂದಿದ್ದವಳಿಗೆ ಆಸೆಯೇ ಇಲ್ಲ.

ಓಟದ ಆಟಗಳಿಗೆ ಇದು ಹಳೆಯ ಕಾಯಿಲೆ. ಹದಿನಾರನೇ ಶತಮಾನದ ಕೊನೆಗೆ ಇಟಲಿಯಿಂದ ಯುರೋಪಿನಲ್ಲೆಲ್ಲ ಹರಡಿದ 'ಗೂಸ್' ಆಟದಲ್ಲಿ 63 ಮನೆ. 58ನೇ ಮನೆಯಲ್ಲಿ ಸಾವು, ಅಲ್ಲಿ ಬಿದ್ದರೆ ಮತ್ತೆ ಮೊದಲಿಂದ ಶುರು. ಹಿಂದಿದ್ದವರಿಗೆ ಆಸೆ ಹುಟ್ಟೋದೇನೋ ನಿಜ, ಆದರೆ ಮುಂದಿದ್ದವನು ಯಾವ ತಪ್ಪಿಗೆ ಸತ್ತ? ದಾಳ ಹಾಗೆ ಬಿತ್ತು, ಅಷ್ಟೇ.

ಈ ಗಂಟನ್ನು ಚೆನ್ನಾಗಿ ಬಿಡಿಸಿದ್ದು ಇಂಗ್ಲೆಂಡಿನ ಡೇವಿಡ್ ಪಾರ್ಲೆಟ್. 1974ರಲ್ಲಿ ಪ್ರಕಟವಾದ ಅವರ 'ಹೇರ್ ಅಂಡ್ ಟಾರ್ಟಾಯ್ಸ್' ಆಟದಲ್ಲಿ ದಾಳವೇ ಇಲ್ಲ. ಜರ್ಮನಿಯಲ್ಲಿ ಗ್ರಿಮ್ ಸಹೋದರರ ಕಥೆಗೆ ಹೊಂದುವಂತೆ ಆಮೆಯ ಬದಲು ಮುಳ್ಳುಹಂದಿ ಬಂತು. 1979ರಲ್ಲಿ ಅಲ್ಲಿನ 'ವರ್ಷದ ಆಟ' ಪ್ರಶಸ್ತಿ ಮೊಟ್ಟಮೊದಲ ಸಲ ಕೊಟ್ಟಾಗ ಅದು ಸಿಕ್ಕಿದ್ದು ಈ ಆಟಕ್ಕೇ.

ಇಲ್ಲಿ ಓಡೋಕೆ ಕ್ಯಾರೆಟ್ ಖರ್ಚು ಮಾಡಬೇಕು. ಒಂದು ಮನೆಗೆ 1, ಎರಡು ಮನೆಗೆ 1+2 ಅಂದ್ರೆ 3, ಐದು ಮನೆಗೆ 15. ನಮ್ಮ ಹೈಸ್ಕೂಲ್ ಸೂತ್ರವೇ:

```
n(n+1)/2
```

ನಾಲ್ಕು ಜನರವರೆಗೆ ಆಡುವಾಗ ಒಬ್ಬೊಬ್ಬರಿಗೂ 65 ಕ್ಯಾರೆಟ್. ಮನೆಗಳ ವಿಶೇಷ ಪಕ್ಕಕ್ಕಿಟ್ಟು ಬರೀ ಲೆಕ್ಕ ನೋಡೋಣ. ಒಬ್ಬ ಒಂದೇ ಸಲ 10 ಮನೆ ಹಾರಿದ. ಖರ್ಚು 55, ಉಳಿದದ್ದು 10. ಮುಂದಿನ ಸರದಿಗೆ ಅದರಲ್ಲಿ 4 ಮನೆ ಮಾತ್ರ ಹೋಗಬಹುದು, ಆಮೇಲೆ ಕೈ ಖಾಲಿ. ಇನ್ನೊಬ್ಬಳು ಎರಡು ಸಲ ಐದೈದು ಮನೆ ನಡೆದಳು. ಖರ್ಚು 30, ಕೈಯಲ್ಲಿನ್ನೂ 35. ಅವನು ನಾಲ್ಕು ಮನೆ ಮುಂದೆ, ಅವಳು 35 ಕ್ಯಾರೆಟ್ ಮುಂದೆ. ಮುಂದಿರುವವನನ್ನು ಯಾರೂ ಹೊಡೆಯಲಿಲ್ಲ, ಅವನ ಅವಸರಕ್ಕೆ ಅವನೇ ಬೆಲೆ ಕೊಟ್ಟ.

ಹಿಂದಿದ್ದವರಿಗೆ ಸಂಪಾದನೆಯ ದಾರಿಯೂ ಇದೆ. 3 ಅಂತ ಬರೆದ ಮನೆಯಲ್ಲಿ ನಿಂತಿದ್ದು, ನಿಮ್ಮ ಸರದಿ ಬಂದಾಗ ಮೂರನೇ ಸ್ಥಾನದಲ್ಲಿದ್ದರೆ 30 ಕ್ಯಾರೆಟ್. ಎರಡನೇ ಸ್ಥಾನಕ್ಕೆ ಬರೀ 20. ಹಿಂದಿನ ಆಮೆ ಮನೆಗೆ ಸರಿದರೆ ಸರಿದ ಪ್ರತಿ ಮನೆಗೂ 10.

ಹಾಗಾದರೆ ಎಲ್ಲರೂ ಕೊನೆಯಲ್ಲೇ ಕೂತು ಕ್ಯಾರೆಟ್ ಗುಡ್ಡೆ ಹಾಕಬಹುದಲ್ಲ? ಹಿಂದಿದ್ದವರಿಗೆ ಸಹಾಯ ಮಾಡುವ ಆಟಗಳು ಸಾಮಾನ್ಯವಾಗಿ ಕೆಡೋದು ಇಲ್ಲೇ. ಹಿಂದಿರೋದೇ ಲಾಭ ಅಂತಾದರೆ ಯಾರೂ ಓಡೋದಿಲ್ಲ. ಪಾರ್ಲೆಟ್ ಆಟದಲ್ಲಿ ಅದೇ ಸೂತ್ರ ಇವರನ್ನೂ ಹಿಡಿಯುತ್ತೆ. 10 ಮನೆಗೆ 55, 16 ಮನೆಗೆ 136. ಅಂದ್ರೆ 81 ಕ್ಯಾರೆಟ್ ಜಾಸ್ತಿ ಸುರಿದರೂ ಸಿಗೋದು ಆರೇ ಮನೆ. ಮೇಲಾಗಿ ಮೊದಲು ಗುರಿ ಮುಟ್ಟುವವರ ಕೈಯಲ್ಲಿ 10ಕ್ಕಿಂತ ಹೆಚ್ಚು ಕ್ಯಾರೆಟ್ ಇರುವ ಹಾಗಿಲ್ಲ. ಮೂರು ಲೆಟಿಸ್ ಎಲೆಯನ್ನೂ ದಾರಿಯಲ್ಲೇ ತಿಂದು ಮುಗಿಸಿರಬೇಕು, ಒಂದೊಂದಕ್ಕೂ ಒಂದು ಸರದಿ ಹೋಗುತ್ತೆ.

ಒಂದು ಮಿತಿ ಇದೆ. ಇಬ್ಬರೇ ಆಡಿದರೆ ಸ್ಥಾನಗಳು ಎರಡೇ, 3 ಮತ್ತು 4ರ ಮನೆಗಳಿಂದ ಏನೂ ಹುಟ್ಟೋದಿಲ್ಲ. ಮೂರು ನಾಲ್ಕು ಜನ ಸೇರಿದರೇ ರುಚಿ.

ಸಂಕ್ರಾಂತಿಗೆ ಗೆಳೆಯನೊಬ್ಬನ ಹತ್ತಿರ ಈ ಆಟ ಎರವಲು ತಗೊಂಡು ಹೋದೆ. ಅಕ್ಕನ ಮಗ ಈ ಸಲ ಬುದ್ಧಿವಂತನಾಗಿ ಹಿಂದೆಯೇ ಉಳಿದು ಕ್ಯಾರೆಟ್ ಕೂಡಿಟ್ಟ. ಆಮೇಲೆ ಜಿಗಿಜಿಗಿದು ಗುರಿಯ ಹತ್ತಿರ ಬಂದ. ಆದರೆ ಕೈಯಲ್ಲಿ ಇನ್ನೂ ರಾಶಿ! ಕ್ಯಾರೆಟ್ ಮನೆಯಲ್ಲಿ ಕೂತು ಸರದಿಗೆ ಹತ್ತರಂತೆ ಕಳೆಯುತ್ತಾ ಇದ್ದಾಗ, ಅವನ ತಂಗಿ ಮೆಲ್ಲಗೆ ಪಕ್ಕದಲ್ಲೇ ಹಾದು ಹೋಗಿ ಗೆದ್ದುಬಿಟ್ಟಳು. ಇಡೀ ಆಟ ಒಂದು ಸಲಾನೂ ಟಿವಿ ಕಡೆ ತಿರುಗಿರಲಿಲ್ಲ.

ಅವನು ಏನು ಎಸೀತಾನೋ ಅಂತ ಕಾಯ್ತಿದ್ದೆ. ಕೈಯಲ್ಲಿ ಉಳಿದದ್ದನ್ನ ಎಣಿಸಿ, "ಮಾಮ, ನಾನೇ ದುರಾಸೆ ಮಾಡ್ದೆ. ಇನ್ನೊಂದು ಆಟ ಆಡೋಣ" ಅಂದ.